ಕೊಂಬೆಯಿಂದ ಶೀರ್ಷಿಕೆಗೆ: ಫೋಟೊದಲ್ಲಿರುವ ಮೈಂಡ್ ಮ್ಯಾಪ್ ಪ್ರಬಂಧದ ರೂಪುರೇಷೆಯಾಗುವ ಬಗೆ

ಪ್ರಬಂಧ ಬರೆಯುವ ಮೊದಲು ಹಾಳೆಯ ನಡುವೆ ವಿಷಯ ಬರೆದು, ಸುತ್ತ ಕೊಂಬೆ ಎಳೆದು, ತೋಚಿದ್ದನ್ನೆಲ್ಲ ಒಂದೊಂದು ಪದದಲ್ಲಿ ತೂಗುಹಾಕುವ ಅಭ್ಯಾಸ ಈಗ ನಮ್ಮ ಕಾಲೇಜುಗಳಲ್ಲೂ ಕೋಚಿಂಗ್ ಕೇಂದ್ರಗಳಲ್ಲೂ ಬೇರೂರಿದೆ. ಮೈಂಡ್ ಮ್ಯಾಪ್ ಎಂಬ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿದವರು ಬ್ರಿಟನ್ನಿನ ಟೋನಿ ಬುಜಾನ್. 1974ರಲ್ಲಿ ಬಿಬಿಸಿ ಟಿವಿಯಲ್ಲಿ ಬಂದ ಅವರ ಕಾರ್ಯಕ್ರಮದಿಂದ ಇದು ಮನೆಮಾತಾಯಿತು. ಹಾಳೆಯನ್ನು ಅಡ್ಡಲಾಗಿ ಇಡಿ, ವಿಷಯವನ್ನು ನಡುವೆ ಇಡಿ, ಮುಖ್ಯ ಕೊಂಬೆ ದಪ್ಪಗಿರಲಿ, ಒಂದು ಗೆರೆಗೆ ಒಂದೇ ಪದ, ಒಂದೊಂದು ಕೊಂಬೆಗೆ ಒಂದೊಂದು ಬಣ್ಣ ಎನ್ನುವುದು ಅವರು ಹಾಕಿಕೊಟ್ಟ ಕ್ರಮ.

ನಕ್ಷೆ ಬರೆಯುವುದು ಸುಲಭ. ತೊಡಕು ಬರುವುದು ಆಮೇಲೆ. ಬರೆದ ನಕ್ಷೆಯನ್ನು ಫೋನಿನಲ್ಲಿ ಫೋಟೊ ಹೊಡೆದುಕೊಂಡು ಮನೆಗೆ ಬಂದು, ಅದನ್ನು ನೋಡುತ್ತ ಪ್ರಬಂಧ ಶುರುಮಾಡಿದರೆ ಕಣ್ಣು ಎಲ್ಲೆಲ್ಲೋ ಓಡುತ್ತದೆ. ನಕ್ಷೆ ನಾಲ್ಕು ದಿಕ್ಕಿಗೆ ಹರಡಿದೆ, ಪ್ರಬಂಧ ಮೇಲಿನಿಂದ ಕೆಳಕ್ಕೆ ಒಂದೇ ದಾರಿಯಲ್ಲಿ ಹೋಗಬೇಕು. ಇವೆರಡರ ನಡುವೆ ರೂಪುರೇಷೆ ಎಂಬ ಮೆಟ್ಟಿಲು ಬೇಕು. ಅದನ್ನು ಕಟ್ಟುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂಬುದೇ ಈ ಲೇಖನದ ತಿರುಳು. ಯಾವುದು ಯಾವುದರ ಅಡಿಯಲ್ಲಿ ಬರುತ್ತದೆ ಎಂಬುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಫೋಟೊದಲ್ಲೇ ಇದೆ. ಯಾವುದು ಮೊದಲು, ಯಾವುದು ನಂತರ ಎಂಬುದು ಇನ್ನೊಂದು. ಅದಕ್ಕೆ ಉತ್ತರ ಫೋಟೊದಲ್ಲಿಲ್ಲ, ಬರೆಯುವವರೇ ಕೊಡಬೇಕು.

ಒಂದು ಉದಾಹರಣೆಯನ್ನು ಕೈಗೆತ್ತಿಕೊಳ್ಳೋಣ. ಪಿಯುಸಿ ಹುಡುಗಿಯೊಬ್ಬಳು ಪ್ರಬಂಧ ಸ್ಪರ್ಧೆಗೆಂದು "ಬೆಂಗಳೂರಿನ ಕೆರೆಗಳು" ಎಂಬ ವಿಷಯಕ್ಕೆ ನಕ್ಷೆ ಬರೆದಿದ್ದಾಳೆ ಎಂದುಕೊಳ್ಳಿ. ನಾಲ್ಕು ಮುಖ್ಯ ಕೊಂಬೆಗಳು: ಬಲಕ್ಕೆ ಮೇಲೆ ಕೆಂಪಿನಲ್ಲಿ "ಮಾಲಿನ್ಯ", ಬಲಕ್ಕೆ ಕೆಳಗೆ ನೀಲಿಯಲ್ಲಿ "ರಚನೆ", ಎಡಕ್ಕೆ ಕೆಳಗೆ ಕಪ್ಪಿನಲ್ಲಿ "ಕಾಣೆಯಾದವು", ಎಡಕ್ಕೆ ಮೇಲೆ ಹಸಿರಿನಲ್ಲಿ "ಮುಂದೇನು". ಹಾಳೆಯ ಮೂಲೆಯಲ್ಲಿ ಯಾವ ಗೆರೆಗೂ ಅಂಟದೆ "ನೀರಗಂಟಿ" ಎಂಬ ಪದ ಒಂಟಿಯಾಗಿ ನಿಂತಿದೆ.

ಫೋಟೊ ಓದಲು ಬರುವಂತಿರಲಿ

ರೂಪುರೇಷೆಯಲ್ಲಿ ಆಗುವ ಎಷ್ಟೋ ತಪ್ಪುಗಳು ಫೋಟೊದಲ್ಲೇ ಹುಟ್ಟುತ್ತವೆ. ಪದ ಓದಲು ಬಂದರೆ ಸಾಕು ಎಂದುಕೊಂಡು ನಾವು ಫೋಟೊ ತೆಗೆಯುತ್ತೇವೆ. ಆದರೆ ಇಲ್ಲಿ ಪದದಷ್ಟೇ ಗೆರೆಯೂ ಮುಖ್ಯ, ಏಕೆಂದರೆ ಒಂದು ಪದದ ಸ್ಥಾನಮಾನ ಹೇಳುವುದು ಅದನ್ನು ಹಿಡಿದಿರುವ ಗೆರೆ. ಹಾಳೆಯ ನಾಲ್ಕೂ ಮೂಲೆ ಚೌಕಟ್ಟಿನೊಳಗೆ ಬರಲಿ. ಫೋನನ್ನು ಹಾಳೆಗೆ ನೇರವಾಗಿ, ಸಮಾನಾಂತರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ದೂರದ ತುದಿಯ ಸಣ್ಣ ಕವಲುಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಬೆಳಕು ಕಿಟಕಿಯ ಕಡೆಯಿಂದ ಬರಲಿ. ವೈಟ್‌ಬೋರ್ಡ್ ಆದರೆ ಫ್ಲ್ಯಾಶ್ ಬೇಡ, ಅದು ಬೋರ್ಡಿನ ನಡುವೆ ಬಿಳಿ ಮಚ್ಚೆ ಮೂಡಿಸಿ ಅಲ್ಲಿನ ಪದಗಳನ್ನು ನುಂಗುತ್ತದೆ.

ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಇಂಥ ಆ್ಯಪ್‌ಗಳಲ್ಲಿ ಕಪ್ಪು-ಬಿಳುಪು ಎಂಬ ಆಯ್ಕೆ ಇರುತ್ತದೆ, ಅಕ್ಷರ ಎದ್ದು ಕಾಣಲಿ ಎಂಬುದು ಅದರ ಉದ್ದೇಶ. ಆದರೆ ಮೈಂಡ್ ಮ್ಯಾಪಿನಲ್ಲಿ ಬಣ್ಣವೇ ವಂಶದ ಗುರುತು. ಎರಡು ಕೊಂಬೆಗಳ ಕವಲುಗಳು ಒಂದನ್ನೊಂದು ದಾಟಿ ಹೋದಾಗ ಇದು ಕೆಂಪಿನದೋ ನೀಲಿಯದೋ ಎಂದು ಬಿಡಿಸಿ ಹೇಳುವುದು ಬಣ್ಣ ಮಾತ್ರ. ಹಾಗಾಗಿ ಬಣ್ಣದ ಆಯ್ಕೆಯಲ್ಲೇ ಉಳಿಸಿ. ಪೆನ್ಸಿಲ್ಲಿನಲ್ಲಿ ಎಳೆದ ತೆಳು ಗೆರೆಗಳೂ ಕಪ್ಪು-ಬಿಳುಪಿನಲ್ಲಿ ಮಾಯವಾಗುವುದುಂಟು.

ಫೋಟೊ ತೆಗೆದ ಮೇಲೆ, ಹಾಳೆ ಇನ್ನೂ ಎದುರಿಗಿರುವಾಗಲೇ, ಅತ್ಯಂತ ದೂರದ ಕವಲಿನ ಅತ್ಯಂತ ಚಿಕ್ಕ ಪದವನ್ನು ಹಿಗ್ಗಿಸಿ ಓದಿ ನೋಡಿ. ಅದು ಓದಲು ಬಂದರೆ ಉಳಿದದ್ದೆಲ್ಲ ಬರುತ್ತದೆ. ಚಾರ್ಟ್ ಹಾಳೆಯಷ್ಟು ದೊಡ್ಡ ನಕ್ಷೆಯಾದರೆ ಇಡೀ ಹಾಳೆಯದೊಂದು ಫೋಟೊ, ಜೊತೆಗೆ ನಾಲ್ಕು ಕಾಲುಭಾಗಗಳ ಹತ್ತಿರದ ಫೋಟೊಗಳು ಇರಲಿ. ಇಡಿಯದರಿಂದ ಗೆರೆ ಓದಬೇಕು, ಬಿಡಿಯವುಗಳಿಂದ ಪದ ಓದಬೇಕು.

ಫೋಟೊದಿಂದ ಅಕ್ಷರ ಹೆಕ್ಕಿಕೊಡುವ ಸೌಲಭ್ಯ ಈಗ ಬಹಳಷ್ಟು ಫೋನುಗಳಲ್ಲಿದೆ. ಅದನ್ನು ನಂಬಿ ರೂಪುರೇಷೆ ಮಾಡಲು ಹೊರಟರೆ ಕೆಲಸ ಕೆಡುತ್ತದೆ. ಅದು ಪುಸ್ತಕದ ಪುಟ ಓದುವ ಹಾಗೆ ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಓದುವಂಥದ್ದು. ನಮ್ಮ ಉದಾಹರಣೆಯಲ್ಲಿ ಎಡಗಡೆಯ ಹಸಿರು ಕೊಂಬೆಯ "ಹೂಳು" ಮತ್ತು ಬಲಗಡೆಯ ಕೆಂಪು ಕೊಂಬೆಯ "ನೊರೆ" ಒಂದೇ ಎತ್ತರದಲ್ಲಿದ್ದರೆ ಅವೆರಡೂ ಒಂದೇ ಸಾಲಾಗಿ ಬರುತ್ತವೆ. ಪದಗಳ ಪಟ್ಟಿ ಸಿಗುತ್ತದೆ, ಕೊಂಬೆ ಹೋಗಿಬಿಡುತ್ತದೆ. ಕೈಬರಹದಲ್ಲಿ ದೀರ್ಘ, ಒತ್ತಕ್ಷರಗಳೂ ತಪ್ಪಬಹುದು. ಪದಗಳನ್ನು ಮತ್ತೆ ಟೈಪ್ ಮಾಡುವ ಶ್ರಮ ಉಳಿಸಲು ಅದನ್ನು ಬಳಸಬಹುದು, ಕ್ರಮ ತಿಳಿಯಲು ಅಲ್ಲ.

ಪ್ರತಿ ಪದಕ್ಕೂ ಒಂದು ವಿಳಾಸ

ಈಗ ಫೋಟೊದ ಮೇಲೆಯೇ ಕೆಲಸ. ಫೋನಿನ ಗ್ಯಾಲರಿಯಲ್ಲಿ ಚಿತ್ರದ ಮೇಲೆ ಗೀಚುವ ಆಯ್ಕೆ ಇರುತ್ತದೆ. ಇಲ್ಲವಾದರೆ ಒಂದು ಪ್ರಿಂಟ್ ತೆಗೆದುಕೊಳ್ಳಿ. ನಡುವಿನ ಪದ ಪ್ರಬಂಧದ ತಲೆಬರಹ, ಅದಕ್ಕೆ ಸಂಖ್ಯೆ ಬೇಡ. ಅದಕ್ಕೆ ನೇರವಾಗಿ ಅಂಟಿರುವ ಮುಖ್ಯ ಕೊಂಬೆಗಳಿಗೆ 1, 2, 3, 4 ಎಂದು ಹಾಕಿ. ಎಲ್ಲಿಂದ ಶುರು ಎಂಬ ಗೊಂದಲ ಬೇಡ: ಗಡಿಯಾರದಲ್ಲಿ ಒಂದು ಗಂಟೆಯ ಮುಳ್ಳು ಇರುವ ಜಾಗದಿಂದ, ಅಂದರೆ ಬಲಕ್ಕೆ ಮೇಲಿನಿಂದ ಪ್ರದಕ್ಷಿಣೆಯಾಗಿ ಎಣಿಸುವುದು ರೂಢಿ. ಬಹುಪಾಲು ಜನ ನಕ್ಷೆ ಬರೆಯುವುದೂ ಇದೇ ಸರದಿಯಲ್ಲಿ.

ಆಮೇಲೆ 1ನೇ ಕೊಂಬೆಯ ಕವಲುಗಳಿಗೆ 1.1, 1.2. ಅದರಿಂದ ಹೊರಟ ಟಿಸಿಲುಗಳಿಗೆ 1.1.1, 1.1.2. ಒಂದು ಕೊಂಬೆಯನ್ನು ಅದರ ತುದಿಯವರೆಗೂ ಮುಗಿಸಿದ ಮೇಲೆಯೇ ಮುಂದಿನ ಕೊಂಬೆಗೆ ಹೋಗಬೇಕು. ಮೊದಲು ಮುಖ್ಯ ಕೊಂಬೆಗಳನ್ನೆಲ್ಲ ಬರೆದು, ಆಮೇಲೆ ಎಲ್ಲ ಕವಲುಗಳನ್ನು ಒಟ್ಟಿಗೆ ಬರೆಯಲು ಹೋದರೆ ಯಾವ ಕವಲು ಯಾರದ್ದು ಎಂಬುದು ಕೈತಪ್ಪುತ್ತದೆ. ನಮ್ಮ ನಕ್ಷೆ ಈ ಸುತ್ತಿನಲ್ಲಿ ಹೀಗೆ ಇಳಿಯುತ್ತದೆ:

```
1 ಮಾಲಿನ್ಯ
  1.1 ಬೆಳ್ಳಂದೂರು
    1.1.1 ನೊರೆ
    1.1.2 ಬೆಂಕಿ
  1.2 ಚರಂಡಿ ನೀರು
2 ರಚನೆ
  2.1 ಏರಿ
  2.2 ತೂಬು
  2.3 ಕೋಡಿ
  2.4 ರಾಜಕಾಲುವೆ
    2.4.1 ಮೂರು ಕಣಿವೆ
3 ಕಾಣೆಯಾದವು
  3.1 ಧರ್ಮಾಂಬುಧಿ
    3.1.1 ಬಸ್ ನಿಲ್ದಾಣ
  3.2 ಸಂಪಂಗಿ
    3.2.1 ಕ್ರೀಡಾಂಗಣ
  3.3 ನಲ್ಲಿ ನೀರು
4 ಮುಂದೇನು
  4.1 ಶುದ್ಧೀಕರಣ
    4.1.1 ಕೋಲಾರ
  4.2 ಹೂಳು
```

ಈ ಸಂಖ್ಯೆಗಳೇ ಶೀರ್ಷಿಕೆಯ ಮಟ್ಟವನ್ನು ಹೇಳುತ್ತವೆ. ಒಂದೇ ಅಂಕಿ ಇದ್ದರೆ ಮುಖ್ಯ ಶೀರ್ಷಿಕೆ, ಎರಡಿದ್ದರೆ ಉಪಶೀರ್ಷಿಕೆ, ಮೂರಿದ್ದರೆ ಅದರೊಳಗಿನ ಅಂಶ. ಇಲ್ಲಿ ಕಣ್ಣು ಮೋಸಹೋಗುವ ಒಂದು ಜಾಗವಿದೆ. ಹುಡುಗಿ "ಬೆಂಕಿ" ಎಂಬ ಪದವನ್ನು ದೊಡ್ಡದಾಗಿ ಬರೆದು ಎರಡು ಅಡಿಗೆರೆ ಎಳೆದಿದ್ದಾಳೆ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಎದ್ದ ಬೆಂಕಿಯ ದೃಶ್ಯ ಅವಳ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ನೋಡಿದ ಕೂಡಲೇ ಇದು ಮುಖ್ಯ ಶೀರ್ಷಿಕೆ ಅನ್ನಿಸುತ್ತದೆ. ಆದರೆ ಗೆರೆ ಹಿಡಿದು ಹಿಂದಕ್ಕೆ ಹೋದರೆ ಬೆಂಕಿಯಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ಮಾಲಿನ್ಯಕ್ಕೆ, ಅಲ್ಲಿಂದ ನಡುವಿಗೆ, ಹೀಗೆ ಮೂರು ಹೆಜ್ಜೆ. ಆದ್ದರಿಂದ ಅದು ಮೂರನೇ ಮಟ್ಟದ್ದು. ಅಕ್ಷರದ ಗಾತ್ರ ಒತ್ತನ್ನು ಹೇಳುತ್ತದೆ, ಮಟ್ಟವನ್ನು ಹೇಳುವುದು ಗೆರೆ. ಆ ಒತ್ತಿಗೆ ಪ್ರಬಂಧದಲ್ಲಿ ಹೆಚ್ಚು ವಾಕ್ಯಗಳನ್ನು ಕೊಡಬಹುದು, ಮೇಲಿನ ಮಟ್ಟವನ್ನು ಕೊಡಬಾರದು.

ಕೊನೆಗೆ ಲೆಕ್ಕ ತಾಳೆ ನೋಡಿ. ಫೋಟೊದಲ್ಲಿ ನಡುವಿನದನ್ನು ಬಿಟ್ಟು 22 ಕಡೆ ಬರಹ ಇದೆ, ಪಟ್ಟಿಯಲ್ಲಿ 21 ಸಾಲು. ಒಂದು ಎಲ್ಲಿ ಹೋಯಿತು? ಅದೇ ಮೂಲೆಯ ನೀರಗಂಟಿ. ಹೀಗೆ ಎಣಿಸದಿದ್ದರೆ ಬಿಟ್ಟುಹೋದದ್ದು ಗೊತ್ತೇ ಆಗುವುದಿಲ್ಲ.

ಕೊಂಬೆಗೆ ಸೇರದವು

ರೂಪುರೇಷೆಯಲ್ಲಿ ಪ್ರತಿಯೊಂದಕ್ಕೂ ಒಂದೇ ತಾಯಿಕೊಂಬೆ ಇರಬೇಕು. ನಕ್ಷೆ ಬರೆಯುವ ಕೈಗೆ ಈ ಕಟ್ಟುಪಾಡು ಇರುವುದಿಲ್ಲ. ಅದಕ್ಕೇ ಮೂರು ಬಗೆಯ ತೊಡಕು ಎದುರಾಗುತ್ತದೆ.

ಮೊದಲನೆಯದು ಒಂಟಿ ಪದ. ನೀರಗಂಟಿ ಎಂದರೆ ಕೆರೆಯ ತೂಬು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಲ್ಲಿ ನೀರು ಹಂಚುತ್ತಿದ್ದವನು. ಹಾಗಿದ್ದ ಮೇಲೆ ಅವನ ಜಾಗ ತೂಬಿನ ಅಡಿಯಲ್ಲಿ, ಅಂದರೆ 2.2.1. ಒಂಟಿ ಪದಕ್ಕೆ ಜಾಗ ಹುಡುಕುವಾಗ "ಇದು ಯಾವುದರ ಬಗ್ಗೆ ಹೇಳುತ್ತದೆ?" ಎಂದು ಕೇಳಿ. ಹಾಳೆಯಲ್ಲಿ ಹತ್ತಿರ ಇರುವ ಕೊಂಬೆಗೆ ಅಂಟಿಸಬೇಡಿ, ಮೂಲೆಯಲ್ಲಿ ಜಾಗ ಖಾಲಿ ಇತ್ತೆಂದು ಅಲ್ಲಿ ಬರೆದಿರುತ್ತಾರೆ ಅಷ್ಟೆ. ಎಷ್ಟು ಹುಡುಕಿದರೂ ತಾಯಿ ಸಿಗದ ಪದ ಪ್ರಬಂಧಕ್ಕೆ ಬೇಡವಾದದ್ದಾಗಿರಬಹುದು, ಅಥವಾ ನಕ್ಷೆಯಲ್ಲಿ ಒಂದು ಕೊಂಬೆಯೇ ಕಡಿಮೆ ಇರಬಹುದು.

ಎರಡನೆಯದು ಬಾಣದ ಗೆರೆ. ಹುಡುಗಿ ರಾಜಕಾಲುವೆಯಿಂದ (2.4) ಚರಂಡಿ ನೀರಿಗೆ (1.2) ಒಂದು ಚುಕ್ಕಿಗೆರೆಯ ಬಾಣ ಎಳೆದಿದ್ದಾಳೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚಿನ ಮಳೆನೀರನ್ನು ಕೆಳಗಿನ ಕೆರೆಗೆ ಒಯ್ಯಲು ಇದ್ದ ಕಾಲುವೆಗಳಲ್ಲೇ ಈಗ ಊರಿನ ಕೊಳಚೆ ಹರಿಯುತ್ತಿದೆ ಎಂಬುದನ್ನು ಅವಳು ಹೇಳಹೊರಟಿದ್ದಾಳೆ. ಒಳ್ಳೆಯ ಮಾತು, ಆದರೆ ಇದರಿಂದ ರಾಜಕಾಲುವೆ ಎರಡು ಕಡೆ ಬರಬೇಕಾಗುತ್ತದೆ. ಎರಡೂ ಕಡೆ ಶೀರ್ಷಿಕೆಯಾಗಿ ಹಾಕಿದರೆ ಒಂದೇ ವಿಷಯವನ್ನು ಎರಡು ಸಲ ಬರೆಯುತ್ತೀರಿ. ರಾಜಕಾಲುವೆಯ ವಿವರಣೆ ಮೂಲ ಜಾಗದಲ್ಲೇ ಇರಲಿ. ಬಾಣ ತಲುಪುವ ಕಡೆ ಒಂದು ಟಿಪ್ಪಣಿ ಹಾಕಿಕೊಳ್ಳಿ: "ಮಳೆನೀರಿನ ಕಾಲುವೆ ಕೊಳಚೆ ಕಾಲುವೆಯಾದದ್ದು; 2.4 ನೆನಪಿಸು". ಬಾಣಗಳು ರೂಪುರೇಷೆಯಲ್ಲಿ ಶೀರ್ಷಿಕೆಯಾಗುವುದಿಲ್ಲ, ಪ್ರಬಂಧದಲ್ಲಿ ಒಂದು ಭಾಗವನ್ನು ಇನ್ನೊಂದಕ್ಕೆ ಹೊಲಿಯುವ ವಾಕ್ಯಗಳಾಗುತ್ತವೆ.

ಮೂರನೆಯದು ಒಂಟಿ ಟಿಸಿಲು. ಧರ್ಮಾಂಬುಧಿಯ ಅಡಿಯಲ್ಲಿ ಬಸ್ ನಿಲ್ದಾಣ ಮಾತ್ರ ಇದೆ, ಸಂಪಂಗಿಯ ಅಡಿಯಲ್ಲಿ ಕ್ರೀಡಾಂಗಣ ಮಾತ್ರ. ಒಂದೇ ಅಂಶಕ್ಕೆ ಪ್ರತ್ಯೇಕ ಉಪಶೀರ್ಷಿಕೆ ಬೇಡ. ಅದನ್ನು ಮೇಲಿನ ಸಾಲಿನೊಳಗೆ ಮಡಚಿಬಿಡಿ: "ಧರ್ಮಾಂಬುಧಿ: ಕೆರೆಯಂಗಳದಲ್ಲಿ ಬಸ್ ನಿಲ್ದಾಣ". ನೀರಗಂಟಿಯೂ ಹೀಗೆಯೇ ತೂಬಿನ ಸಾಲಿನೊಳಗೆ ಸೇರುತ್ತಾನೆ.

ಇದೆಲ್ಲ ನಡೆಯುವುದು ನಕ್ಷೆ ನಿಜವಾಗಿ ಮರದ ಆಕಾರದಲ್ಲಿದ್ದಾಗ. ಗೆರೆಗಳ ಮೇಲೂ "ಇದರಿಂದ", "ಇದಕ್ಕೆ ಕಾರಣ" ಎಂಬಂಥ ಪದಗಳಿದ್ದರೆ, ಒಂದೊಂದು ಪದಕ್ಕೆ ಎರಡು ಮೂರು ಕಡೆಯಿಂದ ಗೆರೆ ಬಂದು ಸೇರುತ್ತಿದ್ದರೆ, ಅದು ಮೈಂಡ್ ಮ್ಯಾಪ್ ಅಲ್ಲ. ಅಮೆರಿಕದ ಜೋಸೆಫ್ ನೊವಾಕ್ 1970ರ ದಶಕದಲ್ಲಿ ರೂಪಿಸಿದ ಕಾನ್ಸೆಪ್ಟ್ ಮ್ಯಾಪ್ ಎಂಬ ಬೇರೊಂದು ಜಾತಿ. ಅದು ಬಲೆಯ ಹಾಗೆ ಹೆಣೆದುಕೊಂಡಿರುತ್ತದೆ. ಅದನ್ನು ರೂಪುರೇಷೆ ಮಾಡಬೇಕಾದರೆ ಪ್ರತಿ ಪದಕ್ಕೂ ಒಂದು ತಾಯಿಯನ್ನು ನೀವೇ ಮೊದಲು ಆರಿಸಬೇಕು.

ಸರದಿ ಬರೆಯುವವರದು

ಮಟ್ಟಗಳು ಸರಿಯಾದವು. ಇನ್ನು ಸರದಿ. 1, 2, 3, 4 ಎಂದು ನಾವು ಹಾಕಿದ್ದು ವಿಳಾಸಕ್ಕಾಗಿ, ಪ್ರಬಂಧದ ಕ್ರಮಕ್ಕಾಗಿ ಅಲ್ಲ. ಮಾಲಿನ್ಯ ಮೊದಲು ಬಂದದ್ದು ಅದು ಮೊದಲು ತೋಚಿದ್ದರಿಂದ. ಮೊದಲು ತೋಚಿದ್ದು ಅದು ಸುದ್ದಿಯಲ್ಲಿದ್ದದ್ದರಿಂದ. ಕೆರೆ ಕೊಳಕಾಯಿತು ಎಂದು ಶುರುಮಾಡಿ ಆಮೇಲೆ ಕೆರೆಗೆ ಏರಿ ಇರುತ್ತದೆ ಎಂದು ಹೇಳಿದರೆ ಓದುವವರು ಹಿಂದಕ್ಕೂ ಮುಂದಕ್ಕೂ ನಡೆಯಬೇಕಾಗುತ್ತದೆ.

ಇಲ್ಲಿ ಒಂದು ನಿಯಮ ತಪ್ಪಬಾರದು: ಜಾಗ ಬದಲಿಸುವಾಗ ಕೊಂಬೆಯನ್ನು ಅದರ ಎಲ್ಲ ಕವಲುಗಳ ಸಮೇತ ಎತ್ತಿಡಬೇಕು, ಮತ್ತು ಒಂದೇ ತಾಯಿಯ ಮಕ್ಕಳ ನಡುವೆ ಮಾತ್ರ ಸರದಿ ಬದಲಿಸಬೇಕು. ಹಾಗೆ ಮಾಡಿದರೆ ಮಟ್ಟ ಕೆಡುವುದಿಲ್ಲ.

ಮುಖ್ಯ ಕೊಂಬೆಗಳಿಗೆ ಕಾಲಕ್ರಮ ಒಗ್ಗುತ್ತದೆ: ಕಟ್ಟಿದ ಬಗೆ, ಕಾಣೆಯಾದದ್ದು, ಕೊಳಕಾದದ್ದು, ಮುಂದಿನ ದಾರಿ. ಒಳಗಿನ ಕವಲುಗಳಿಗೆ ಬೇರೆ ಕ್ರಮ ಇರಬಹುದು. ರಚನೆಯಲ್ಲಿ ನೀರು ಸಾಗುವ ದಾರಿಯೇ ಕ್ರಮ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ, ತೂಬು ಗದ್ದೆಗೆ ಬಿಡುತ್ತದೆ, ಕೋಡಿ ಹೆಚ್ಚಿನದನ್ನು ಹೊರಹಾಕುತ್ತದೆ, ರಾಜಕಾಲುವೆ ಅದನ್ನು ಮುಂದಿನ ಕೆರೆಗೆ ಒಯ್ಯುತ್ತದೆ. ಈ ಕೊಂಬೆ ನಕ್ಷೆಯಲ್ಲೇ ಸರಿಯಾಗಿ ಕೂತಿದೆ. ಕಾಣೆಯಾದ ಕೆರೆಗಳಲ್ಲಿ ಕಾರಣ ಮೊದಲು ಬರಬೇಕು. ನಕ್ಷೆಯಲ್ಲಿ ಕೊನೆಗಿರುವ ನಲ್ಲಿ ನೀರು ಇಲ್ಲಿ ಮೊದಲಾಗುತ್ತದೆ, ಏಕೆಂದರೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಕುಡಿಯುವ ನೀರಿಗೆ ಊರೊಳಗಿನ ಕೆರೆಗಳನ್ನು ನೆಚ್ಚಿಕೊಳ್ಳುವುದು ಕಡಿಮೆಯಾಗುತ್ತ ಬಂತು. ಮಾಲಿನ್ಯದಲ್ಲೂ ಅಷ್ಟೆ, ಚರಂಡಿ ನೀರು ಮೊದಲು, ಬೆಳ್ಳಂದೂರು ಆಮೇಲೆ. ಹೊಸ ಸರದಿಗೆ ಹೊಸ ಸಂಖ್ಯೆ ಕೊಟ್ಟು, ಒಂಟಿ ಪದಗಳನ್ನು ಓದಬಲ್ಲ ಶೀರ್ಷಿಕೆಗಳಾಗಿ ಬಿಡಿಸಿದಾಗ ರೂಪುರೇಷೆ ಹೀಗಾಗುತ್ತದೆ:

```
1 ಕೆರೆಗಳನ್ನು ಕಟ್ಟಿದ ಬಗೆ
  1.1 ನೀರು ನಿಲ್ಲಿಸುವ ಏರಿ
  1.2 ತೂಬು ಮತ್ತು ನೀರಗಂಟಿ
  1.3 ಹೆಚ್ಚಿನ ನೀರಿಗೆ ಕೋಡಿ
  1.4 ಮೂರು ಕಣಿವೆಗಳ ರಾಜಕಾಲುವೆ
2 ಕಾಣೆಯಾದ ಕೆರೆಗಳು
  2.1 ನಲ್ಲಿ ನೀರು ಬಂತು
  2.2 ಧರ್ಮಾಂಬುಧಿ: ಬಸ್ ನಿಲ್ದಾಣ
  2.3 ಸಂಪಂಗಿ: ಕ್ರೀಡಾಂಗಣ
3 ಕೊಳಕಾದ ಕೆರೆಗಳು
  3.1 ಕೆರೆಗೆ ಚರಂಡಿ ನೀರು (1.4 ನೆನಪಿಸು)
  3.2 ಬೆಳ್ಳಂದೂರು
    3.2.1 ನೊರೆ
    3.2.2 ಬೆಂಕಿ
4 ಮುಂದಿನ ದಾರಿ
  4.1 ಹೂಳೆತ್ತುವುದು
  4.2 ಶುದ್ಧೀಕರಿಸಿದ ನೀರು ಕೋಲಾರಕ್ಕೆ
```

ಮತ್ತೆ ಎಣಿಸಿ: 17 ಸಾಲು, ಮಡಚಿ ಸೇರಿಸಿದ್ದು 5, ಒಟ್ಟು 22. ಏನೂ ಬಿಟ್ಟುಹೋಗಿಲ್ಲ.

ಕಂಪ್ಯೂಟರಿನಲ್ಲಿ ಟೈಪ್ ಮಾಡುವವರು ವರ್ಡ್‌ನಲ್ಲಿ ಮೊದಲ ಮಟ್ಟಕ್ಕೆ `Heading 1`, ಎರಡನೆಯದಕ್ಕೆ `Heading 2`, ಮೂರನೆಯದಕ್ಕೆ `Heading 3` ಕೊಡಲಿ. ಬರಿದೇ ಅಕ್ಷರ ದಪ್ಪ ಮಾಡಿದರೆ ಮಟ್ಟ ಯಾವುದೆಂದು ವರ್ಡ್‌ಗೆ ತಿಳಿಯುವುದಿಲ್ಲ. ಹೀಗೆ ಕೊಟ್ಟಿದ್ದರೆ `Navigation Pane`ನಲ್ಲಿ ಒಂದು ಶೀರ್ಷಿಕೆಯನ್ನು ಹಿಡಿದು ಎಳೆದರೆ ಅದರ ಉಪಶೀರ್ಷಿಕೆಗಳೂ ಅಡಿಯ ಬರಹವೂ ಜೊತೆಗೇ ಬರುತ್ತವೆ.

ನಕ್ಷೆಯಲ್ಲಿ ಇಲ್ಲದ್ದು

ರೂಪುರೇಷೆ ಸರಿಯಾಗಿದೆಯೇ ಎಂದು ನೋಡಲು ಮೊದಲ ಮಟ್ಟದ ಶೀರ್ಷಿಕೆಗಳನ್ನಷ್ಟೇ ಒಂದರ ಹಿಂದೊಂದು ಓದಿ, ಪ್ರತಿ ಎರಡರ ನಡುವೆ "ಹಾಗಾಗಿ" ಎಂದೋ "ಆಮೇಲೆ" ಎಂದೋ ಸೇರಿಸಿ ನೋಡಿ. ಕೆರೆ ಕಟ್ಟಿದರು. ಆಮೇಲೆ ನಲ್ಲಿ ಬಂತು, ಹಾಗಾಗಿ ಕೆಲವು ಕೆರೆ ಕಾಣೆಯಾದವು. ಇಲ್ಲಿಯವರೆಗೆ ಸಲೀಸು. ಉಳಿದ ಕೆರೆಗಳು ಹಾಗಾಗಿ ಕೊಳಕಾದವು ಎನ್ನುವಾಗ ಮಾತು ತಡವರಿಸುತ್ತದೆ. ಕುಡಿಯಲು ಬೇಡವಾದ ಮಾತ್ರಕ್ಕೆ ಕೆರೆ ಏಕೆ ಕೊಳಕಾಗಬೇಕು? 2ಕ್ಕೂ 3ಕ್ಕೂ ನಡುವೆ ಒಂದು ಕೊಂಡಿ ಕಳಚಿದೆ.

ಆ ಕೊಂಡಿ ಕಾವೇರಿ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಬೆಂಗಳೂರಿಗೆ ನೀರು ತಂದಿತು, ಹಂತಗಳು ಒಂದರ ಮೇಲೊಂದು ಬಂದವು. ದೂರದ ನದಿಯಿಂದ ಮೇಲೇರಿ ಬಂದ ನೀರು ಮನೆಗಳಲ್ಲಿ ಬಳಕೆಯಾಗಿ ಹೊರಬಿದ್ದಾಗ ಅದೇ ಇಳಿಜಾರು ಹಿಡಿದು, ಅದೇ ಕಣಿವೆಗಳಲ್ಲಿ, ಅದೇ ಕೆರೆಗಳಿಗೆ ಇಳಿಯುತ್ತದೆ. ನಲ್ಲಿ ನೀರಿಗೂ ಚರಂಡಿ ನೀರಿಗೂ ನಕ್ಷೆಯಲ್ಲಿ ಒಂದು ಗೆರೆಯೂ ಇರಲಿಲ್ಲ, ಅವು ಹಾಳೆಯ ಎದುರುಬದುರು ಮೂಲೆಗಳಲ್ಲಿದ್ದವು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಶುರುವಾದದ್ದು ಇದೇ ನೀರಿನ ಮುಂದಿನ ಪಯಣ. ಹಾಗಾಗಿ 2.1ರ ಶೀರ್ಷಿಕೆ "ನಲ್ಲಿ ನೀರು ಬಂತು: ಹೆಸರಘಟ್ಟದಿಂದ ಕಾವೇರಿಯವರೆಗೆ" ಎಂದಾಗಬೇಕು, 3.1ಕ್ಕೆ "2.1ರಲ್ಲಿ ಬಂದ ನೀರೇ ಇದು" ಎಂಬ ಟಿಪ್ಪಣಿ ಸೇರಬೇಕು. ಎರಡು ಸಾಲು ತಿದ್ದಿದರೆ ನಾಲ್ಕು ಬಿಡಿ ಕೊಂಬೆಗಳು ಒಂದೇ ನೀರಿನ ಕತೆಯಾಗುತ್ತವೆ, ಪ್ರಬಂಧದ ಮೊದಲ ಪ್ಯಾರಾದಲ್ಲಿ ಏನು ಹೇಳಬೇಕು ಎಂಬುದೂ ಗೊತ್ತಾಗುತ್ತದೆ.